ನೋವು ಶುರುವಾದ ಹೊತ್ತು, ಮಾತ್ರೆ ನುಂಗಿದ ಹೊತ್ತು

ನಮ್ಮ ಅಡುಗೆಮನೆಯ ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರಿನ ಕೆಲವು ಚೌಕಗಳಲ್ಲಿ ಪೆನ್ಸಿಲಿನಿಂದ ಬರೆದ ಎರಡು ಸಣ್ಣ ಅಂಕಿಗಳಿರುತ್ತವೆ. ಮೇಲಿನದು ಅರೆತಲೆನೋವು ಶುರುವಾದ ಹೊತ್ತು, ಕೆಳಗಿನದು ನಾನು ಮಾತ್ರೆ ನುಂಗಿದ ಹೊತ್ತು. ಎರಡರ ನಡುವೆ ಒಂದು ಗಂಟೆಗಿಂತ ಹೆಚ್ಚು ಅಂತರವಿದ್ದ ದಿನ ನನಗೆ ಬಹಳ ಕಷ್ಟವಾಗಿರುತ್ತದೆ. ಹಾಗೆಯೇ ಒಂದು ತಿಂಗಳಲ್ಲಿ ಹೀಗೆ ಅಂಕಿ ಬಿದ್ದ ಚೌಕಗಳು ಎಂಟನ್ನು ದಾಟಿದರೆ ಮುಂದಿನ ತಿಂಗಳುಗಳು ಕೆಡುವ ಅಪಾಯವಿರುತ್ತದೆ. ಮಾತ್ರೆಯನ್ನು ಬೇಗ ನುಂಗಬೇಕು, ಆದರೆ ಹೆಚ್ಚು ದಿನ ನುಂಗಬಾರದು ಎಂಬ ಈ ಎರಡು ಮಾತುಗಳು ಒಂದನ್ನೊಂದು ಎಳೆದಾಡುತ್ತವೆ. ಇವೆರಡನ್ನೂ ಒಟ್ಟಿಗೆ ಪಾಲಿಸುವುದನ್ನು ಕಲಿಯಲು ನನಗೆ ಹಲವು ವರ್ಷಗಳೇ ಬೇಕಾದವು.

ನಾನು ಮಂಡ್ಯದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕಾಲೇಜಿನ ದಿನಗಳಿಂದಲೂ ನನಗೆ ಮೈಗ್ರೇನ್ ಇದೆ. ಮೊದಲ ಹದಿನೈದು ವರ್ಷ ನಾನು ಮಾಡಿದ ತಪ್ಪು ತಡಮಾಡುವುದು. ಬೆಳಿಗ್ಗೆ ಎಡಗಣ್ಣಿನ ಹಿಂದೆ ನೋವು ಮಿಡಿಯಲು ಶುರುವಾದರೂ, ಮಾತ್ರೆ ಅಭ್ಯಾಸವಾಗಿಬಿಟ್ಟೀತೆಂಬ ಅಂಜಿಕೆಯಿಂದ, ಸ್ವಲ್ಪ ತಡೆದು ನೋಡೋಣವೆಂದು ಅಡುಗೆ ಮಾಡುತ್ತಿದ್ದೆ, ಮಗಳಿಗೆ ಜಡೆ ಹಾಕುತ್ತಿದ್ದೆ, ಬಸ್ಸು ಹತ್ತುತ್ತಿದ್ದೆ. ಎರಡನೆಯ ಪೀರಿಯಡ್ಡಿನ ಹೊತ್ತಿಗೆ ವಾಂತಿ ಬರುವ ಹಾಗಾದಾಗ ಅರ್ಧ ಮಾತ್ರೆ ಮುರಿದು ನುಂಗುತ್ತಿದ್ದೆ. ಒಮ್ಮೆ ಹಾಗೆ ನುಂಗಿದ ಒಂದೂವರೆ ಗಂಟೆಯ ನಂತರ ವಾಂತಿಯಾದಾಗ, ಬೆಳಿಗ್ಗೆ ಏಳೂವರೆಗೆ ತಿಂದಿದ್ದ ಉಪ್ಪಿಟ್ಟು ಹೆಚ್ಚುಕಡಿಮೆ ತಿಂದ ಹಾಗೆಯೇ ಹೊರಬಂದಿತು. ಆಗ ಮಧ್ಯಾಹ್ನ ಹನ್ನೆರಡಾಗಿತ್ತು. ಅಷ್ಟು ಹೊತ್ತಾದರೂ ತಿಂದದ್ದು ಏಕೆ ಕರಗಿರಲಿಲ್ಲ ಎಂಬುದು ಅಂದು ನನಗೆ ತಿಳಿಯಲಿಲ್ಲ.

ಅದರ ಕಾರಣವನ್ನು ಮುಂದೆ ಮೈಸೂರಿನ ನರರೋಗ ತಜ್ಞರು ವಿವರಿಸಿದರು. ಮೈಗ್ರೇನ್ ಬಂದಾಗ ತಲೆಯ ಜೊತೆಗೆ ಹೊಟ್ಟೆಯೂ ಮಂದವಾಗುತ್ತದೆ. ಜಠರದಿಂದ ಆಹಾರ ಕರುಳಿಗೆ ಇಳಿಯುವುದು ನಿಧಾನವಾಗುವುದರಿಂದ, ತಡವಾಗಿ ನುಂಗಿದ ಮಾತ್ರೆ ಅಲ್ಲಿಯೇ ಕುಳಿತಿರುತ್ತದೆ, ರಕ್ತಕ್ಕೆ ಸೇರಬೇಕಾದ ಹೊತ್ತಿಗೆ ಸೇರುವುದಿಲ್ಲ. ಇನ್ನೊಂದು ಕಾರಣವೂ ಇದೆ. ನೋವು ಗಂಟೆಗಟ್ಟಲೆ ಮುಂದುವರಿದರೆ ಮಿದುಳಿನಲ್ಲಿ ನೋವಿನ ದಾರಿಗಳೇ ಕೆರಳಿ ನಿಲ್ಲುತ್ತವೆ, ಆಮೇಲೆ ನೋವಲ್ಲದ ಸ್ಪರ್ಶವೂ ನೋವಾಗುತ್ತದೆ. ಡಾಕ್ಟರು ನನ್ನನ್ನು ಕೇಳಿದ ಪ್ರಶ್ನೆ ಇಷ್ಟೇ: “ತಲೆನೋವು ಜೋರಾದಾಗ ಬಾಚಣಿಗೆ ತಾಕಿದರೆ ನೋಯುತ್ತಾ?” ನನಗೆ ಮೈ ಜುಮ್ಮೆಂದಿತು. ನೋವಿನ ದಿನ ಎಡಗಡೆಯ ಕೂದಲನ್ನು ಬಾಚಲಾಗದೆ, ಕಿವಿಯ ಓಲೆಯನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಎಡಗೆನ್ನೆ ದಿಂಬಿಗೆ ತಾಕದಂತೆ ಮಲಗುತ್ತಿದ್ದುದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅದೂ ಕಾಯಿಲೆಯ ಭಾಗವೆಂದು ತಿಳಿದೇ ಇರಲಿಲ್ಲ. ಬಾಚಣಿಗೆ ನೋಯುವ ಹಂತ ತಲುಪಿದ ಮೇಲೆ ನುಂಗಿದ ಮಾತ್ರೆ ಕೆಲಸ ಮಾಡುವ ಸಂಭವ ಕಡಿಮೆ ಎಂದು ಅವರು ಹೇಳಿದರು.

ಆದರೆ ನಾನು ಅವರ ಬಳಿಗೆ ಹೋದದ್ದು ತಡಮಾಡುತ್ತಿದ್ದ ಕಾಲದಲ್ಲಲ್ಲ. ಅದಕ್ಕೆ ತದ್ವಿರುದ್ಧವಾದ ಇನ್ನೊಂದು ತಪ್ಪಿನಲ್ಲಿ ಸಿಕ್ಕಿಹಾಕಿಕೊಂಡ ಮೇಲೆ. ಮಾತ್ರೆಯನ್ನು ಬೇಗ ತೆಗೆದುಕೊಳ್ಳಬೇಕೆಂದು ಸಹೋದ್ಯೋಗಿಯೊಬ್ಬರು ಹೇಳಿದ ಮಾತು ಸರಿಯಾಗಿಯೇ ಇತ್ತು. ನಾನು ಅದನ್ನು ಕೇಳಿ, ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಟ್ಟ ಒಂದು ಮಿಶ್ರಣದ ಮಾತ್ರೆಯನ್ನು ಪರ್ಸಿನಲ್ಲಿ ಇಟ್ಟುಕೊಂಡೆ. ಅದರಲ್ಲಿ ಎರ್ಗೋಟಮಿನ್, ಕೆಫೀನ್, ಪ್ಯಾರಸಿಟಮಾಲ್ ಮತ್ತು ವಾಂತಿ ತಡೆಯುವ ಔಷಧ ಎಲ್ಲವೂ ಸೇರಿದ್ದವು. ಮೊದಮೊದಲು ಅದು ಅದ್ಭುತವಾಗಿ ಕೆಲಸ ಮಾಡಿತು. ಕ್ರಮೇಣ ಪರೀಕ್ಷೆಯ ಮೇಲ್ವಿಚಾರಣೆ ಇದ್ದರೆ ಒಂದು, ಬಿಸಿಲಲ್ಲಿ ನಡೆಯಬೇಕಾದರೆ ಒಂದು, ತಲೆ ಭಾರವೆನಿಸಿದರೆ ಒಂದು ಎಂಬಂತೆ, ನೋವಿಗಿಂತ ನೋವಿನ ಭಯಕ್ಕೆ ನುಂಗತೊಡಗಿದೆ.

ಒಂದು ವರ್ಷದೊಳಗೆ ತಲೆನೋವಿನ ಚಹರೆಯೇ ಬದಲಾಯಿತು. ಹಿಂದೆ ತಿಂಗಳಿಗೆ ನಾಲ್ಕೈದು ಬಾರಿ ಎಡಗಡೆ ಬಂದು, ಮಿಡಿದು, ವಾಂತಿ ಮಾಡಿಸಿ ಹೋಗುತ್ತಿದ್ದ ನೋವಿನ ಜಾಗದಲ್ಲಿ, ಬೆಳಗಿನ ಜಾವ ನಾಲ್ಕೂವರೆಗೇ ಎಬ್ಬಿಸುವ, ತಲೆಯ ಸುತ್ತ ಬಟ್ಟೆ ಬಿಗಿದಂತಿರುವ ಮಂಕು ನೋವು ಬಂದು ಕುಳಿತಿತು. ಮಾತ್ರೆ ನುಂಗಿದರೆ ಮೂರು ನಾಲ್ಕು ಗಂಟೆ ತಣ್ಣಗಾಗಿ ಮತ್ತೆ ಬರುತ್ತಿತ್ತು. ಅತ್ತೆ ಶುಂಠಿ ತೇಯ್ದು ಹಣೆಗೆ ಪಟ್ಟು ಹಾಕುತ್ತಾ, “ಮಾತ್ರೆ ನುಂಗ್ದಂಗೆಲ್ಲ ನಿನ್ ನೋವು ಜಾಸ್ತಿನೇ ಆಯ್ತಾ ಅದಲ್ಲವ್ವ” ಎಂದಿದ್ದರು. ಅವರು ಕಂಡದ್ದನ್ನು ಹೇಳಿದರು, ನಾನು ಆಗ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಗಿನ ರೈಲಿನಲ್ಲಿ ಮೈಸೂರಿಗೆ ಹೋಗಿ ತಜ್ಞರನ್ನು ಕಂಡಾಗ ಅವರು ಮೊದಲು ಕೇಳಿದ್ದು, ಕಳೆದ ತಿಂಗಳು ಎಷ್ಟು ದಿನ ಮಾತ್ರೆ ತೆಗೆದುಕೊಂಡಿರಿ ಎಂದು. ಏಳೆಂಟು ದಿನ ಇರಬಹುದೆಂದೆ, ನಾನು ಹಾಗೆಂದೇ ನಂಬಿದ್ದೆ. ಜೊತೆಗಿದ್ದ ನಮ್ಮ ಯಜಮಾನರು, ಮನೆಯ ಡ್ರಾಯರಿನಲ್ಲಿ ಹತ್ತು ಮಾತ್ರೆಗಳ ಎರಡು ಖಾಲಿ ಸ್ಟ್ರಿಪ್ಪುಗಳು, ಮೂರನೆಯದರಲ್ಲಿ ಎರಡು ಖಾಲಿ ಗುಳಿಗಳು ಇರುವುದನ್ನು ಮೆಲ್ಲಗೆ ನೆನಪಿಸಿದರು. ಅಲ್ಲಿಯೇ ಕುಳಿತು ರಜೆ, ಹಬ್ಬ, ಪರೀಕ್ಷೆ ಎಂದು ಒಂದೊಂದೇ ದಿನವನ್ನು ನೆನೆದು ಲೆಕ್ಕ ಹಾಕಿದಾಗ ಫೆಬ್ರುವರಿಯ 28 ದಿನಗಳಲ್ಲಿ 17 ದಿನ ಮಾತ್ರೆ ನುಂಗಿದ್ದೆ, 21 ದಿನ ತಲೆನೋವಿತ್ತು. ಅದಕ್ಕೂ ಹಿಂದಿನ ಮೂರು ತಿಂಗಳುಗಳೂ ಹೆಚ್ಚುಕಡಿಮೆ ಹೀಗೆಯೇ ಇದ್ದವು.

ಡಾಕ್ಟರು ಅದನ್ನು ಔಷಧದ ಅತಿಬಳಕೆಯಿಂದ ಬರುವ ತಲೆನೋವು ಎಂದರು. ಪ್ಯಾರಸಿಟಮಾಲ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ತರಹದ ಸಾದಾ ನೋವಿನ ಮಾತ್ರೆಗಳಾದರೆ ತಿಂಗಳಿಗೆ 15 ದಿನ, ಎರ್ಗೋಟಮಿನ್, ಟ್ರಿಪ್ಟಾನ್ ಅಥವಾ ಹಲವು ಔಷಧ ಬೆರೆಸಿದ ಮಾತ್ರೆಗಳಾದರೆ 10 ದಿನ, ಇಷ್ಟು ಅಥವಾ ಇದಕ್ಕಿಂತ ಹೆಚ್ಚಾಗಿ ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಮೈಗ್ರೇನ್ ಇರುವವರ ತಲೆ ಈ ಸ್ಥಿತಿಗೆ ಬರಬಹುದು. ಇಲ್ಲಿ ಎಣಿಸಬೇಕಾದದ್ದು ದಿನಗಳನ್ನು, ಮಾತ್ರೆಗಳನ್ನಲ್ಲ. ಈ ಒಂದು ಮಾತು ನನ್ನ ಹಳೆಯ ಅಭ್ಯಾಸವೊಂದನ್ನು ಬುಡಸಮೇತ ಕಿತ್ತಿತು. ಕಡಿಮೆ ತೆಗೆದುಕೊಂಡರೆ ಒಳ್ಳೆಯದೆಂದು ಮಾತ್ರೆಯನ್ನು ಮುರಿದು ಅರ್ಧ ನುಂಗುತ್ತಿದ್ದೆನಲ್ಲ, ಆ ಅರ್ಧ ಮಾತ್ರೆಯಿಂದ ನೋವೂ ಹೋಗುತ್ತಿರಲಿಲ್ಲ, ಲೆಕ್ಕದಲ್ಲಿ ಒಂದು ಪೂರ್ತಿ ದಿನವೂ ಖರ್ಚಾಗುತ್ತಿತ್ತು. ಮಾರನೆಯ ದಿನ ಮತ್ತೆ ಅರ್ಧ ನುಂಗಿದರೆ ಇನ್ನೊಂದು ದಿನ.

ನಿಲ್ಲಿಸುವುದಕ್ಕೆ ಏಪ್ರಿಲ್ ತಿಂಗಳ ಬೇಸಿಗೆ ರಜೆಯನ್ನು ಆರಿಸಿಕೊಂಡೆವು. ನಾನು ನುಂಗುತ್ತಿದ್ದ ಮಿಶ್ರಣದ ಮಾತ್ರೆಯನ್ನು ಒಂದೇ ದಿನ ಪೂರ್ತಿ ಬಿಡಬಹುದೆಂದರು. ಅಫೀಮಿನ ವರ್ಗದ ನೋವಿನ ಔಷಧಗಳನ್ನಾಗಲಿ, ನಿದ್ದೆಯ ಮಾತ್ರೆಗಳನ್ನಾಗಲಿ ದಿನವೂ ತೆಗೆದುಕೊಳ್ಳುತ್ತಿದ್ದವರು ಹಾಗೆ ತಟ್ಟನೆ ಬಿಡಬಾರದೆಂದೂ, ಅವರಿಗೆ ಡಾಕ್ಟರು ಹಂತಹಂತವಾಗಿ ಇಳಿಸಬೇಕೆಂದೂ ಹೇಳಿದರು. ಮುನ್ನೆಚ್ಚರಿಕೆಯ ಔಷಧವಾಗಿ ರಾತ್ರಿ ಮಲಗುವ ಮೊದಲು ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದರು. ಅದು ನೋವು ಬಂದಾಗ ನುಂಗುವ ಮಾತ್ರೆಯಲ್ಲ, ದಿನವೂ ತೆಗೆದುಕೊಂಡು ಆರೆಂಟು ವಾರಗಳ ನಂತರ ಗುಣ ನೋಡಬೇಕಾದದ್ದು. ನನಗೆ ಅದರಿಂದ ಬೆಳಿಗ್ಗೆ ಬಾಯಿ ಒಣಗುತ್ತಿತ್ತು, ಅಷ್ಟೇ.

ಬಿಟ್ಟ ಎರಡನೆಯ ದಿನದಿಂದ ಆರನೆಯ ದಿನದವರೆಗೆ ನಾನು ಅನುಭವಿಸಿದ್ದನ್ನು ಮರೆಯಲಾರೆ. ಕೆಫೀನ್ ನಿಂತದ್ದೂ ಸೇರಿ ತಲೆ ಸಿಡಿಯುವಂತಾಯಿತು, ನಿದ್ದೆ ಹತ್ತಲಿಲ್ಲ, ಕೈ ನಡುಗಿತು, ಸಣ್ಣ ಮಾತಿಗೂ ಅಳು ಬಂತು. ಮೂರನೆಯ ರಾತ್ರಿ ಡ್ರಾಯರಿನ ಮುಂದೆ ನಿಂತು ಹುಡುಕಿದೆ. ಯಜಮಾನರು ಅದನ್ನು ಮೊದಲೇ ಖಾಲಿ ಮಾಡಿದ್ದರಿಂದ ಉಳಿದುಕೊಂಡೆ. ಹೀಗಾಗುತ್ತದೆ, ಎರಡರಿಂದ ಹತ್ತು ದಿನ ಹೆಚ್ಚಾಗಿ ಆಮೇಲೆ ಇಳಿಯುತ್ತದೆ ಎಂದು ಮುಂಚೆಯೇ ಹೇಳಿರದಿದ್ದರೆ, ಔಷಧವಿಲ್ಲದೆ ನನಗೆ ಬದುಕಿಲ್ಲವೆಂದೇ ತೀರ್ಮಾನಿಸಿಬಿಡುತ್ತಿದ್ದೆ. ಒಂಬತ್ತನೆಯ ದಿನ ಸಂಜೆ ಅಂಗಳದಲ್ಲಿ ಕುಳಿತಿದ್ದಾಗ ತಲೆ ಖಾಲಿಯಾಗಿ ಹಗುರವಾಗಿರುವುದು ಅರಿವಿಗೆ ಬಂತು. ಆರನೆಯ ವಾರದ ಹೊತ್ತಿಗೆ ಬೆಳಗಿನ ಜಾವದ ಮಂಕು ನೋವು ಹೋಗಿ, ಅದರಡಿಯಲ್ಲಿ ಅಡಗಿದ್ದ ಹಳೆಯ ಮೈಗ್ರೇನ್ ತನ್ನ ಎಲ್ಲ ಗುರುತುಗಳೊಂದಿಗೆ ಬೇರೆಯಾಗಿ ಕಾಣಿಸಿಕೊಂಡಿತು. ಯಾವ ನೋವಿಗೆ ಮಾತ್ರೆ ಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸಲು ಸಾಧ್ಯವಾದದ್ದು ಆಮೇಲೆಯೇ.

ಈಗ ನಾನು ನಡೆಸುವ ಕ್ರಮವನ್ನು ಕಳೆದ ಆಲೆಮನೆ ಕಾಲದ ಒಂದು ಶುಕ್ರವಾರದ ಮೂಲಕ ಹೇಳುತ್ತೇನೆ. ಹಿಂದಿನ ದಿನ ಸಂಜೆ ಉತ್ತರಪತ್ರಿಕೆ ತಿದ್ದುವಾಗ ಆಕಳಿಕೆಯ ಮೇಲೆ ಆಕಳಿಕೆ ಬಂತು, ಕುತ್ತಿಗೆ ಹಿಡಿದುಕೊಂಡಿತು, ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳಬೇಕೆಂಬ ತೀರದ ಆಸೆಯಾಯಿತು. ಇವು ನನಗೆ ಮುನ್ಸೂಚನೆಗಳು. ಈ ಹಂತದಲ್ಲಿ ನಾನು ಮಾತ್ರೆ ನುಂಗುವುದಿಲ್ಲ, ಏಕೆಂದರೆ ಕೆಲವೊಮ್ಮೆ ಇಷ್ಟಕ್ಕೇ ನಿಂತುಹೋಗುತ್ತದೆ. ಹೊತ್ತಿಗೆ ಸರಿಯಾಗಿ ಉಂಡು, ನೀರು ಕುಡಿದು, ಮೊಬೈಲ್ ಬದಿಗಿಟ್ಟು ಹತ್ತಕ್ಕೆ ಮಲಗಿದೆ.

ಬೆಳಿಗ್ಗೆ 5.10ಕ್ಕೆ ಎಡಗಣ್ಣಿನ ಹಿಂದೆ ನೋವು ಶುರುವಾಗಿತ್ತು. ಹತ್ತರಲ್ಲಿ ಮೂರರಷ್ಟಿತ್ತು ಎನ್ನಬಹುದು, ಕೆಲಸ ಮಾಡಬಹುದಾದಷ್ಟೇ. ಹಿಂದಿನ ನಾನಾಗಿದ್ದರೆ ಇಲ್ಲಿಯೇ ತಡೆದು ನೋಡುತ್ತಿದ್ದೆ. ಈಗ ಎರಡು ಪರೀಕ್ಷೆ ಮಾಡುತ್ತೇನೆ. ನೀರಿನ ಬಿಂದಿಗೆಯನ್ನು ಎತ್ತಲು ಬಗ್ಗಿದೆ, ನೋವು ನಾಡಿಯ ಜೊತೆ ಕುಟ್ಟಿತು. ಅಡುಗೆಮನೆಯ ಟ್ಯೂಬ್‌ಲೈಟ್ ಹಾಕಿದೆ, ಬೆಳಕು ಚುಚ್ಚಿತು. ಒಂದು ಕಡೆಯ ನೋವು, ಬಗ್ಗಿದರೆ ಹೆಚ್ಚುವುದು, ಬೆಳಕಾಗದಿರುವುದು ಅಥವಾ ಹೊಟ್ಟೆ ತೊಳಸುವುದು, ಇವು ಕೂಡಿ ಬಂದರೆ ನನಗೆ ಅದು ಮೈಗ್ರೇನ್. ಎರಡೂ ಕಡೆ ಬಿಗಿದು, ಬಗ್ಗಿದರೂ ಬದಲಾಗದ, ಬೆಳಕಿಗೆ ಅಂಜದ ನೋವಾದರೆ ಅದಕ್ಕೆ ಮಾತ್ರೆಯ ದಿನವೊಂದನ್ನು ಖರ್ಚು ಮಾಡುವುದಿಲ್ಲ. ಒಂದು ಲೋಟ ನೀರು, ತಿಂಡಿ, ಕುತ್ತಿಗೆಗೆ ಬಿಸಿ ಬಟ್ಟೆಯಲ್ಲೇ ಅದು ಸಾಮಾನ್ಯವಾಗಿ ಇಳಿಯುತ್ತದೆ. ಕ್ಯಾಲೆಂಡರ್ ನೋಡಿದೆ, ಆ ವಾರದಲ್ಲಿ ಅದು ಮೊದಲನೆಯ ದಿನ. ವಾರಕ್ಕೆ ಎರಡು ದಿನ ನನ್ನ ಮಿತಿ.

5.25ಕ್ಕೆ ಅರ್ಧ ಬಾಳೆಹಣ್ಣು ತಿಂದು, ನ್ಯಾಪ್ರೊಕ್ಸೆನ್ 500 ಮಿಲಿಗ್ರಾಂ ಮತ್ತು ಡೊಂಪೆರಿಡೋನ್ 10 ಮಿಲಿಗ್ರಾಂ ಒಟ್ಟಿಗೆ ನುಂಗಿದೆ. ಎರಡನೆಯದು ವಾಂತಿ ತಡೆಯುವುದರ ಜೊತೆಗೆ ಮಂದವಾದ ಜಠರವನ್ನು ಮುಂದಕ್ಕೆ ತಳ್ಳುತ್ತದೆ. ಈ ಪ್ರಮಾಣಗಳು ನನ್ನ ರಕ್ತದೊತ್ತಡ, ಇಸಿಜಿ ಮತ್ತು ಮೂತ್ರಪಿಂಡದ ಪರೀಕ್ಷೆ ನೋಡಿ, ಹೊಟ್ಟೆಹುಣ್ಣಿಲ್ಲವೆಂದು ಕೇಳಿ ತಿಳಿದು, ನನಗಾಗಿ ಬರೆದವು. ನಮ್ಮ ಪಕ್ಕದ ಮನೆಯವರಿಗೆ ಅಲ್ಸರ್ ಇರುವುದರಿಂದ ನ್ಯಾಪ್ರೊಕ್ಸೆನ್ ಬೇಡವೆಂದು ಅವರ ಡಾಕ್ಟರು ಹೇಳಿದ್ದಾರೆ. ಚೀಟಿಯಿಲ್ಲದೆ ಯಾರೂ ನನ್ನದನ್ನು ನಕಲು ಮಾಡಬಾರದು.

ಮುಖ್ಯ ಶಿಕ್ಷಕರಿಗೆ ರಜೆಯ ಸಂದೇಶ ಕಳುಹಿಸಿ 5.40ಕ್ಕೆ ಹಿಂದಿನ ಕೋಣೆಗೆ ಹೋದೆ. ಅದರ ಕಿಟಕಿಗೆ ಮಡಚಿದ ಜಮಖಾನ ತೂಗುಹಾಕಲು ಎರಡು ಮೊಳೆ ಹೊಡೆಸಿದ್ದೇವೆ, ಬಾಗಿಲಿನ ಕೆಳಗಿನ ಸಂದಿಗೆ ಹಳೆಯ ಟವೆಲ್ ಸುತ್ತಿಡುತ್ತೇವೆ. ಬೆಳಕಿನಷ್ಟೇ ವಾಸನೆಯೂ ನನಗಾಗುವುದಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯುವ ವಾಸನೆ ನನಗೆ ಬಾಲ್ಯದಿಂದ ಪ್ರಿಯವಾದದ್ದು, ಆದರೆ ಆ ಹೊತ್ತಿನಲ್ಲಿ ಅದೇ ವಾಸನೆಗೆ ಹೊಟ್ಟೆ ಮೇಲೆ ಬರುತ್ತದೆ. ಆದ್ದರಿಂದ ಪಡುವಣ ಕಿಟಕಿ ಮುಚ್ಚಿ, ಒಗ್ಗರಣೆಯ ಕೆಲಸವನ್ನು ಮನೆಯವರು ಮುಂದೂಡುತ್ತಾರೆ. ಹಣೆಗೂ ಕುತ್ತಿಗೆಯ ಹಿಂಭಾಗಕ್ಕೂ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಹದಿನೈದು ನಿಮಿಷ ಇಟ್ಟುಕೊಂಡೆ, ಖಾರದ ಮುಲಾಮು ಹಚ್ಚಲಿಲ್ಲ, ಅದರ ಘಾಟು ನನಗೆ ವಾಂತಿ ತರಿಸುತ್ತದೆ. ಎತ್ತರದ ದಿಂಬಿಗೆ ಒರಗಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕವನ್ನು ಗುಟುಕು ಗುಟುಕಾಗಿ ಕುಡಿದೆ.

7.25ಕ್ಕೆ, ಅಂದರೆ ಸರಿಯಾಗಿ ಎರಡು ಗಂಟೆಯ ನಂತರ, ನೋವು ಇಳಿದಿರಲಿಲ್ಲ, ಐದಕ್ಕೆ ಏರಿತ್ತು. ಡಾಕ್ಟರು ಬರೆದ ಎರಡನೆಯ ಮೆಟ್ಟಿಲಿನಂತೆ ಸುಮಾಟ್ರಿಪ್ಟಾನ್ 50 ಮಿಲಿಗ್ರಾಂ ನುಂಗಿದೆ. ಅರ್ಧ ಗಂಟೆಯಲ್ಲಿ ಕುತ್ತಿಗೆ ಮತ್ತು ಎದೆಯ ಮೇಲ್ಭಾಗ ಸ್ವಲ್ಪ ಬಿಗಿದಂತಾಗಿ, ಹತ್ತು ನಿಮಿಷದಲ್ಲಿ ಸರಿಹೋಯಿತು. ಇದು ಈ ಔಷಧದ ಗುಣವೆಂದು ಮೊದಲೇ ತಿಳಿದಿದ್ದರಿಂದ ಗಾಬರಿಯಾಗಲಿಲ್ಲ. ಬಿಗಿತ ಜೋರಾದರೆ ಅಥವಾ ಹೋಗದಿದ್ದರೆ ಕೂಡಲೇ ಆಸ್ಪತ್ರೆಗೆ ಬರಬೇಕೆಂದೂ ಹೇಳಿದ್ದರು. ಹೃದ್ರೋಗ, ಹಿಂದೆ ಪಾರ್ಶ್ವವಾಯು, ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಇದನ್ನು ಮುಟ್ಟುವಂತಿಲ್ಲ. ನಾನು ಹಿಂದೆ ನುಂಗುತ್ತಿದ್ದ ಎರ್ಗೋಟಮಿನ್ ಮಾತ್ರೆ ತೆಗೆದುಕೊಂಡ 24 ಗಂಟೆಯೊಳಗೂ ಇದು ಕೂಡದು. ನೋವು ಪೂರ್ತಿ ಹೋಗಿ ಮರಳಿ ಬಂದರೆ ಮಾತ್ರ, ಕನಿಷ್ಠ ಎರಡು ಗಂಟೆ ಬಿಟ್ಟು ಇನ್ನೊಂದು ನುಂಗಬಹುದು. ಮೊದಲನೆಯದು ಏನೂ ಕೆಲಸ ಮಾಡದಿದ್ದರೆ ಅದೇ ನೋವಿಗೆ ಎರಡನೆಯದನ್ನು ನುಂಗಬಾರದೆಂದು ನನಗೆ ಹೇಳಿದ್ದಾರೆ. ನನ್ನ ತಂಗಿಗೆ ನೋವಿಗೆ ಮೊದಲು ಇಪ್ಪತ್ತು ನಿಮಿಷ ಕಣ್ಣ ಮುಂದೆ ಅಂಕುಡೊಂಕಾದ ಹೊಳೆಯುವ ಗೆರೆಗಳು ಕಾಣುತ್ತವೆ. ಅವಳು ಗೆರೆ ಕಂಡಾಗ ನುಂಗದೆ, ನೋವು ಹುಟ್ಟಿದ ಕೂಡಲೇ ನುಂಗಬೇಕೆಂಬುದು ಅವಳ ಡಾಕ್ಟರ ಸಲಹೆ.

8.40ರ ಹೊತ್ತಿಗೆ ಮಿಡಿತ ನಿಂತು ನಿದ್ದೆ ಬಂತು. ಹನ್ನೊಂದಕ್ಕೆ ಎದ್ದಾಗ ನೋವಿರಲಿಲ್ಲ, ಮೈ ಮಾತ್ರ ಜ್ವರ ಬಿಟ್ಟಂತೆ ಸೋತಿತ್ತು. ರಾಗಿ ಅಂಬಲಿ ಕುಡಿದು, ಜಮಖಾನ ತೆಗೆದು, ಬೆಳಕಿಗೆ ಬಂದೆ. ಕೋಣೆಯಿಂದ ಹೀಗೆ ಹೊರಬರುವುದೂ ಚಿಕಿತ್ಸೆಯ ಭಾಗವೆಂದು ನಾನು ಕಷ್ಟಪಟ್ಟು ಕಲಿತೆ. ಮಾತ್ರೆ ಹೆಚ್ಚಾಗಿದ್ದ ವರ್ಷ ನೋವಿಲ್ಲದ ದಿನಗಳಲ್ಲೂ ಪರದೆ ಎಳೆದು, ಮನೆಯೊಳಗೇ ಕಪ್ಪು ಕನ್ನಡಕ ಹಾಕಿಕೊಂಡು ಇರುತ್ತಿದ್ದೆ. ಕಣ್ಣು ಕತ್ತಲೆಗೆ ಒಗ್ಗಿ, ಸಾಧಾರಣ ಬೆಳಕೂ ತಡೆಯಲಾಗದಷ್ಟು ಪ್ರಖರವೆನಿಸತೊಡಗಿತ್ತು. ಕತ್ತಲೆ ಕೋಣೆ ನೋವಿನ ಗಂಟೆಗಳಿಗೆ ಮಾತ್ರ. ಆ ದಿನ ಎರಡು ಬಗೆಯ ಔಷಧ ನುಂಗಿದ್ದರೂ ಕ್ಯಾಲೆಂಡರಿನಲ್ಲಿ ತುಂಬಿದ್ದು ಒಂದೇ ಚೌಕ.

ವಾರದ ಎರಡು ದಿನ ಮುಗಿದ ಮೇಲೆ ಮೂರನೆಯ ಬಾರಿ ಬಂದರೆ ಏನು ಮಾಡುವುದು ಎಂಬುದೇ ಕಷ್ಟದ ಪ್ರಶ್ನೆ. ಆ ದಿನ ಕೋಣೆ, ಐಸ್, ವಾಂತಿಯ ಮಾತ್ರೆ, ನಿದ್ದೆ, ಇಷ್ಟರಲ್ಲೇ ಕಳೆಯಲು ಪ್ರಯತ್ನಿಸುತ್ತೇನೆ, ಸಹಿಸಲಾಗದಿದ್ದರೆ ನುಂಗಿ ಬರೆದಿಡುತ್ತೇನೆ. ಎಂದೋ ಒಂದು ವಾರ ಹಾಗಾದರೆ ತಲೆ ಕೆಡುವುದಿಲ್ಲ, ತಿಂಗಳ ಮೊತ್ತ ನೋಡಬೇಕು. ಎರಡು ತಿಂಗಳು ಸತತವಾಗಿ ಎಂಟನ್ನು ಮುಟ್ಟಿದರೆ ಡಾಕ್ಟರ ಬಳಿ ಹೋಗಿ ರಾತ್ರಿಯ ಮಾತ್ರೆಯ ಪ್ರಮಾಣ ಕೇಳಬೇಕೆಂದು ತೀರ್ಮಾನವಾಗಿದೆ. ಮೂರು ದಿನಕ್ಕೂ ಮೀರಿ ನೋವು ಬಿಡದಿದ್ದರೆ, ಇಲ್ಲವೆ ನೀರೂ ನಿಲ್ಲದಷ್ಟು ವಾಂತಿಯಾದರೆ, ಮನೆಯಲ್ಲಿ ಕಾಯುವುದಿಲ್ಲ. ಔಷಧದ ಪೆಟ್ಟಿಗೆಯ ಮುಚ್ಚಳದ ಒಳಗೆ ಯಜಮಾನರು ಒಂದು ಚೀಟಿ ಅಂಟಿಸಿದ್ದಾರೆ: ಸಿಡಿಲು ಬಡಿದಂತೆ ಒಂದೇ ಕ್ಷಣದಲ್ಲಿ ಉತ್ತುಂಗಕ್ಕೇರುವ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆಯುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು. ಇವುಗಳಲ್ಲಿ ಒಂದು ಕಂಡರೂ ಕತ್ತಲೆ ಕೋಣೆಯಲ್ಲ, ನೇರ ಆಸ್ಪತ್ರೆ.

ಕಳೆದ ತಿಂಗಳ ಕ್ಯಾಲೆಂಡರಿನಲ್ಲಿ ಐದು ಚೌಕಗಳಿವೆ. ಅವುಗಳಲ್ಲಿ ಒಂದರ ಅಂಕಿಗಳು 11.00 ಮತ್ತು 1.30. ಅಂದು ಸಂಬಂಧಿಕರ ಮದುವೆ, ಮಾತ್ರೆ ಮನೆಯಲ್ಲಿತ್ತು, ಧಾರೆ ಮುಗಿಯಲೆಂದು ಕಾದೆ. ಮನೆಗೆ ಬಂದು ನುಂಗುವಷ್ಟರಲ್ಲಿ ಹೂ ಮುಡಿದಿದ್ದ ಹೇರ್‌ಪಿನ್ ಮುಟ್ಟಲಾಗುತ್ತಿರಲಿಲ್ಲ, ಆ ನೋವು ಎರಡು ದಿನ ಇತ್ತು. ಈಗ ಪರ್ಸಿನಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ. ಅದರಲ್ಲಿ ಒಂದು ನ್ಯಾಪ್ರೊಕ್ಸೆನ್, ಒಂದು ಡೊಂಪೆರಿಡೋನ್, ಒಂದು ಸುಮಾಟ್ರಿಪ್ಟಾನ್ ಮತ್ತು ಎರಡು ಬಿಸ್ಕತ್ತು, ಒಂದು ದಿನಕ್ಕೆ ಬೇಕಾದಷ್ಟೇ. ಪೂರ್ತಿ ಸ್ಟ್ರಿಪ್ಪನ್ನು ಮಾತ್ರ ಪರ್ಸಿನಲ್ಲಿ ಇಡುವುದಿಲ್ಲ.